240 ಟ್ರೇಡ್‌ಗಳ ಬ್ಯಾಕ್‌ಟೆಸ್ಟ್: ಡ್ರಾಡೌನ್ ₹55,000 ಅಂತ ನಂಬಿ ಹಣ ಹಾಕಬಹುದಾ?

ಒಂಬತ್ತೂ_ಹದಿನೈದು

ಎಲ್ಲರಿಗೂ ನಮಸ್ಕಾರ. ನಿಫ್ಟಿ ಫ್ಯೂಚರ್ಸ್‌ನಲ್ಲಿ ಬೆಳಗಿನ ರೇಂಜ್ ಬ್ರೇಕೌಟ್ ಸಿಸ್ಟಮ್ ಒಂದನ್ನು ಟೆಸ್ಟ್ ಮಾಡಿದ್ದೇನೆ. ಇಂಟ್ರಾಡೇ ಮಾತ್ರ, ದಿನಕ್ಕೆ ಒಂದೇ ಟ್ರೇಡ್, ಒಂದೇ ಲಾಟ್. ಎರಡು ವರ್ಷದಲ್ಲಿ 240 ಟ್ರೇಡ್ ಸಿಕ್ಕಿವೆ. 96 ಗೆಲುವು, 144 ಸೋಲು. ಸೋತಾಗ ಹೆಚ್ಚುಕಡಿಮೆ ₹5,000 ಹೋಗುತ್ತದೆ, ಗೆದ್ದಾಗ ₹10,000 ಬರುತ್ತದೆ. ಒಟ್ಟು ಲಾಭ ₹2.4 ಲಕ್ಷ. ಮೇಲಿನ ಮಟ್ಟದಿಂದ ಅತಿ ಹೆಚ್ಚು ಇಳಿದದ್ದು ₹55,000. ಸಾಲಾಗಿ ಸೋತದ್ದು ಹೆಚ್ಚೆಂದರೆ 8 ಸಲ.

ಈಗ ಪ್ರಶ್ನೆ. ಮಾಂಟೆ ಕಾರ್ಲೊ ಮಾಡಿ ನೋಡು ಅಂತ ಗೆಳೆಯನೊಬ್ಬ ಹೇಳಿದ. ಒಂದು ಟೂಲ್‌ನಲ್ಲಿ ಹಾಕಿದರೆ 95% ಡ್ರಾಡೌನ್, ಅಂದರೆ ನೂರರಲ್ಲಿ 95 ಸಲ ಇಳಿತ ದಾಟದ ಮಟ್ಟ, ಸುಮಾರು ₹1.1 ಲಕ್ಷ ಬಂತು. ಇನ್ನೊಂದರಲ್ಲಿ ₹1.2 ಲಕ್ಷ ದಾಟಿತು. ಡೇಟಾ ಎರಡರಲ್ಲೂ ಒಂದೇ. ಯಾವುದನ್ನು ನಂಬಲಿ? ನನ್ನ ಹತ್ತಿರ ಇರುವುದು ₹3 ಲಕ್ಷ. ಬ್ಯಾಕ್‌ಟೆಸ್ಟ್‌ನಲ್ಲಿ ಆಗಿದ್ದೇ ₹55,000 ಆದಾಗ ಅದರ ಎರಡು ಪಟ್ಟಿಗೆ ಹೆದರಬೇಕಾ?

ಹಾಸನ_ಹುಡುಗ

ಮೊದಲನೇ ಟೂಲ್ ಷಫಲ್ ಮಾಡಿರುತ್ತದೆ ಬ್ರೋ. ಅಂದರೆ ನಿಮ್ಮ 240 ಟ್ರೇಡ್‌ಗಳನ್ನೇ ಕಲಸಿ ಬೇರೆ ಬೇರೆ ಕ್ರಮದಲ್ಲಿ ಜೋಡಿಸುತ್ತದೆ. ಎರಡನೆಯದು ಒಂದು ಟ್ರೇಡ್ ಎತ್ತಿಕೊಂಡು, ಬರೆದುಕೊಂಡು, ಮತ್ತೆ ರಾಶಿಗೇ ಹಾಕಿ ಇನ್ನೊಂದನ್ನು ಎತ್ತುತ್ತದೆ. ಹಾಗಾಗಿ ಒಂದೇ ಸೋಲು ಮೂರು ನಾಲ್ಕು ಸಲ ಬರಬಹುದು, ಕೆಲವು ಗೆಲುವುಗಳು ಬರದೇ ಹೋಗಬಹುದು. ನಡೆಯದ ಟ್ರೇಡ್‌ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಯಾಕೆ? ಷಫಲ್ ಸಾಕು. ಅದೇ ಸರಿಯಾದ ವಿಧಾನ.

ಶರಾವತಿ_ತೀರ

ಎರಡು ಟೂಲ್‌ಗಳ ವ್ಯತ್ಯಾಸವನ್ನು ಹಾಸನದವರು ಸರಿಯಾಗಿ ಗುರುತಿಸಿದ್ದಾರೆ. ಷಫಲ್ ಸಾಕು ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಷಫಲ್ ಮಾಡಿದಾಗ ಕ್ರಮ ಬದಲಾಗುತ್ತದೆ, ಮೊತ್ತ ಬದಲಾಗುವುದಿಲ್ಲ. ಹತ್ತು ಸಾವಿರ ಸಲ ಕಲಸಿದರೂ ಪ್ರತಿ ಲಾಭನಷ್ಟದ ಗೆರೆಯೂ ಕೊನೆಗೆ ಅದೇ ₹2.4 ಲಕ್ಷಕ್ಕೆ ಬಂದು ನಿಲ್ಲುತ್ತದೆ. ಮುಂದಿನ 240 ಟ್ರೇಡ್‌ನಲ್ಲೂ ಸರಿಯಾಗಿ 96 ಗೆಲುವೇ ಬರುತ್ತವೆ ಅಂತ ಮೊದಲೇ ಒಪ್ಪಿಕೊಂಡ ಹಾಗಾಯಿತು ಅಲ್ವಾ? ಎಷ್ಟೇ ಆಳಕ್ಕೆ ಇಳಿದರೂ ಮತ್ತೆ ಮೇಲೆ ಬಂದೇ ಬರಬೇಕು ಅನ್ನುವ ಕಟ್ಟು ಇರುವುದರಿಂದ ಡ್ರಾಡೌನ್ ಸ್ವಲ್ಪ ಕಡಿಮೆ ಕಾಣುತ್ತದೆ. 95%ರಲ್ಲಿ ವ್ಯತ್ಯಾಸ ದೊಡ್ಡದಲ್ಲ, ನಿಮಗೆ ಬಂದಿರುವಷ್ಟೇ. 99%ಕ್ಕೆ ಹೋದರೆ ಷಫಲ್ ₹1.3 ಲಕ್ಷದ ಸುತ್ತ ನಿಲ್ಲುತ್ತದೆ, ಮರಳಿ ಹಾಕುವ ವಿಧಾನ ಒಂದೂವರೆ ಲಕ್ಷ ದಾಟುತ್ತದೆ.

ಮರಳಿ ಹಾಕಿ ಎತ್ತುವುದನ್ನೇ ಬೂಟ್‌ಸ್ಟ್ರ್ಯಾಪ್ ಅನ್ನುತ್ತಾರೆ. ಬ್ರಾಡ್ಲಿ ಎಫ್ರಾನ್ 1979ರಲ್ಲಿ ಕೊಟ್ಟ ವಿಧಾನ. ಅದರಲ್ಲಿ ಮೊತ್ತವೂ ಆಡುತ್ತದೆ. ನಿಮ್ಮ ಅಂಕಿಗಳಲ್ಲಿ ಹತ್ತರಲ್ಲಿ ಒಂಬತ್ತು ಸಲ ಕೊನೆಯ ಲಾಭ ಸುಮಾರು ₹50,000ದಿಂದ ₹4.3 ಲಕ್ಷದ ಒಳಗೆ ಎಲ್ಲಿಯಾದರೂ ಬೀಳುತ್ತದೆ. ಸಿಸ್ಟಮ್ ಅದೇ, ಎಡ್ಜ್ ಅದೇ, ಆದರೂ ಇಷ್ಟು ಅಂತರ. ನೀವು ಬ್ಯಾಕ್‌ಟೆಸ್ಟ್‌ನಲ್ಲಿ ನೋಡಿದ್ದು ಇದರಲ್ಲಿ ಒಂದೇ ಒಂದು ಗೆರೆ.

ನಾನು ಬಳಸುವ ಕೋಡ್ ಇಷ್ಟೇ. `trades.csv`ಯಲ್ಲಿ ಸಾಲಿಗೆ ಒಂದರಂತೆ ಲಾಭನಷ್ಟ ರೂಪಾಯಿಯಲ್ಲಿ ಇರಲಿ. ಬ್ರೋಕರೇಜ್, ಎಸ್‌ಟಿಟಿ ಎಲ್ಲ ಕಳೆದು ಹಾಕಿ.

```python
import numpy as np
rng = np.random.default_rng(7)
pl = np.loadtxt("trades.csv")
n, runs = len(pl), 10000
mdd = np.empty(runs)
for i in range(runs):
    eq = np.cumsum(rng.choice(pl, n, replace=True))
    peak = np.maximum.accumulate(np.maximum(eq, 0))
    mdd[i] = (peak - eq).max()
print(np.percentile(mdd, [50, 95, 99]))
```

`peak` ಇರುವ ಸಾಲಿನ `np.maximum(eq, 0)` ಗಮನಿಸಿ. ಅದಿಲ್ಲದಿದ್ದರೆ ಮೊದಲ ಟ್ರೇಡ್ ಮುಗಿದ ಮೇಲಿನ ಮಟ್ಟವೇ ಶಿಖರ ಆಗಿಬಿಡುತ್ತದೆ. ಶುರುವಿನಲ್ಲೇ ಸೋತ ಗೆರೆಗಳಲ್ಲಿ ಮೊದಲ ಸೋಲು ಲೆಕ್ಕಕ್ಕೇ ಸಿಗುವುದಿಲ್ಲ. ಹೊಸದಾಗಿ ಹಣ ಹಾಕುವವರಿಗೆ ಅತಿ ನೋವು ಕೊಡುವುದು ಆ ಗೆರೆಗಳೇ. ಷಫಲ್ ಬೇಕಿದ್ದರೆ `replace=False` ಮಾಡಿ ನೋಡಿ, ಎರಡು ಟೂಲ್‌ಗಳ ವ್ಯತ್ಯಾಸ ನಿಮ್ಮ ಕಣ್ಣೆದುರೇ ಬರುತ್ತದೆ.

ಒಂಬತ್ತೂ_ಹದಿನೈದು

ತುಂಬಾ ಥ್ಯಾಂಕ್ಸ್ ಮೇಡಂ. ರನ್ ಮಾಡಿದೆ. 50% ಸಾಲಿನಲ್ಲಿ ₹70,000ದ ಹತ್ತಿರ, 95% ₹1.2 ಲಕ್ಷದ ಮೇಲೆ, 99% ಒಂದೂವರೆ ಲಕ್ಷದ ಮೇಲೆ. ನನಗೆ ಆಶ್ಚರ್ಯ ಆಗಿದ್ದು ಮೊದಲ ಅಂಕಿ. ನಡುವಿನ ಅಂಕಿಯೇ ನನ್ನ ₹55,000ಕ್ಕಿಂತ ಜಾಸ್ತಿ ಇದೆ.

ಶರಾವತಿ_ತೀರ

ಹೌದು. ನಿಮ್ಮಂಥ ಟ್ರೇಡ್‌ಗಳಿಂದ ಹುಟ್ಟುವ ಗೆರೆಗಳಲ್ಲಿ ಮೂರರಲ್ಲಿ ಎರಡು ₹55,000ಕ್ಕಿಂತ ಹೆಚ್ಚು ಇಳಿಯುತ್ತವೆ. ಅಂದರೆ ನಿಮ್ಮ ಎರಡು ವರ್ಷ ಸ್ವಲ್ಪ ಅನುಕೂಲದ ಕ್ರಮದಲ್ಲಿ ಬಂದಿವೆ. ಸಾಲು ಸೋಲಿನ ವಿಷಯವೂ ಅಷ್ಟೇ. 60% ಸೋಲುವ ಸಿಸ್ಟಮ್‌ಗೆ 240 ಟ್ರೇಡ್‌ನಲ್ಲಿ 8-9 ಸೋಲು ಸಾಲಾಗಿ ಬರುವುದು ಮಾಮೂಲಿ. 12 ಅಥವಾ ಅದಕ್ಕಿಂತ ಹೆಚ್ಚು ಬರುವ ಸಾಧ್ಯತೆ ಸುಮಾರು 18%. ಹನ್ನೊಂದನೇ ಸೋಲಿನ ದಿನ ಸಿಸ್ಟಮ್ ಕೆಟ್ಟುಹೋಯಿತು ಅಂತ ನಿಲ್ಲಿಸುವ ಮೊದಲು ಈ ಅಂಕಿ ತಲೆಯಲ್ಲಿರಬೇಕು.

ಗುಬ್ಬಿ_ಗೂಡು

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಈ ಮಾಂಟೆ ಕಾರ್ಲೊದಲ್ಲಿ ಮುಂದಿನ ವಾರ ನಿಫ್ಟಿ ಎಲ್ಲಿರಬಹುದು ಅಂತ ತೋರಿಸುತ್ತಾರಲ್ಲ, ಆ ಬಣ್ಣದ ಗೆರೆಗಳ ಚಿತ್ರ, ಅದೇನಾ ಇದು? ಹಾಗಿದ್ದರೆ ನಿಫ್ಟಿಯ ಹಳೆಯ ಕ್ಯಾಂಡಲ್‌ಗಳನ್ನು ಕಲಸಿದರೆ ಸಾಕಲ್ವಾ? ಟ್ರೇಡ್‌ಗಳನ್ನು ಯಾಕೆ ಕಲಸಬೇಕು?

ಬೆಳಗಾವಿ_ಬುಲ್

ಇಲ್ಲ ಅಕ್ಕಾ, ಇದು ಬೇರೆ. ಅಲ್ಲಿ ಬೆಲೆಯನ್ನು ಆಡಿಸುತ್ತಾರೆ. ಇಲ್ಲಿ ಬೆಲೆ ಎಲ್ಲಿ ಹೋಗುತ್ತದೆ ಅನ್ನುವ ಮಾತೇ ಇಲ್ಲ. ಸಿಸ್ಟಮ್ ಈಗಾಗಲೇ ಮಾಡಿರುವ ಲಾಭನಷ್ಟದ ಪಟ್ಟಿ ಇದೆಯಲ್ಲ, ಅದನ್ನು ಮಾತ್ರ ಎತ್ತಿ ಜೋಡಿಸುವುದು. ಕ್ಯಾಂಡಲ್ ಕಲಸಿದರೆ ಬೆಳಗಿನ ರೇಂಜ್, ಬ್ರೇಕೌಟ್ ಎಲ್ಲ ಅಳಿಸಿಹೋಗುತ್ತದೆ. ಆಗ ಒಂಬತ್ತೂ ಹದಿನೈದು ಅವರ ಸಿಸ್ಟಮ್‌ಗೆ ಹಿಡಿಯಲು ಏನೂ ಉಳಿಯುವುದಿಲ್ಲ.

ನನ್ನದೂ ಒಂದು ವಿಷಯ ಇದೆ. ನಾನು ಇಂಥದ್ದೇ ಸಿಸ್ಟಮ್ ನಿಫ್ಟಿ ಮತ್ತು ಬ್ಯಾಂಕ್ ನಿಫ್ಟಿ ಎರಡರಲ್ಲೂ ಓಡಿಸುತ್ತೇನೆ. ಎರಡರ ಟ್ರೇಡ್‌ಗಳನ್ನೂ ಒಂದೇ ಫೈಲ್‌ಗೆ ಸುರಿದು ರನ್ ಮಾಡಿದರೆ ಡ್ರಾಡೌನ್ ಚೆನ್ನಾಗಿ ಕಾಣುತ್ತದೆ. ಲೈವ್‌ನಲ್ಲಿ ಮಾತ್ರ ಇಳಿತ ಯಾವಾಗಲೂ ಅದಕ್ಕಿಂತ ಜಾಸ್ತಿ. ಯಾಕೆ?

ಶರಾವತಿ_ತೀರ

ನಿಮ್ಮ ಎರಡು ಟ್ರೇಡ್‌ಗಳು ಒಂದೇ ಬೆಳಗ್ಗೆ ಸೋಲುತ್ತವೆ, ಅದಕ್ಕೆ. ನಿಫ್ಟಿಯಲ್ಲಿ ಅತಿ ದೊಡ್ಡ ತೂಕ ಬ್ಯಾಂಕ್ ಷೇರುಗಳದ್ದೇ. ಅಲ್ಲಿ ಸುಳ್ಳು ಬ್ರೇಕೌಟ್ ಆದ ದಿನ ಇಲ್ಲೂ ಆಗಿರುತ್ತದೆ. ಆದರೆ ಎಲ್ಲವನ್ನೂ ಒಂದೇ ರಾಶಿಗೆ ಹಾಕಿ ಒಂದೊಂದಾಗಿ ಎತ್ತಿದಾಗ ಆ ಜೋಡಿ ಒಡೆದುಹೋಗುತ್ತದೆ. ಸೋಮವಾರದ ನಿಫ್ಟಿ ಸೋಲಿನ ಪಕ್ಕ ಇನ್ಯಾವುದೋ ತಿಂಗಳ ಬ್ಯಾಂಕ್ ನಿಫ್ಟಿ ಗೆಲುವು ಬಂದು ಕೂರುತ್ತದೆ.

ಮೊದಲು ದಿನದ ಲೆಕ್ಕ ಹಾಕಿ. ಒಂದು ದಿನ ಎಷ್ಟು ಟ್ರೇಡ್ ಆದರೂ ಅವುಗಳ ಮೊತ್ತ ಒಂದೇ ಸಾಲು. ಆಮೇಲೆ ದಿನಗಳನ್ನು ಎತ್ತಿ. ಪೊಸಿಷನ್ ರಾತ್ರಿ ಹಿಡಿಯುವವರು, ನಾಲ್ಕೈದು ಷೇರುಗಳಲ್ಲಿ ಒಟ್ಟಿಗೆ ಇರುವವರು ವಾರದ ಮೊತ್ತ ತೆಗೆದುಕೊಂಡರೂ ತಪ್ಪಿಲ್ಲ. ಒಟ್ಟಿಗೆ ಏಳುವ ಬೀಳುವ ಟ್ರೇಡ್‌ಗಳನ್ನು ಬೇರೆ ಮಾಡಬಾರದು, ಅಷ್ಟೇ.

ಬೆಳಗಾವಿ_ಬುಲ್

ಮಾಡಿ ನೋಡಿದೆ ಮೇಡಂ. 95% ಅಂಕಿ ಹತ್ತಿರ ಹತ್ತಿರ ಒಂದೂವರೆ ಪಟ್ಟು ಆಯಿತು. ಈಗ ಲೈವ್‌ನಲ್ಲಿ ಕಂಡಿದ್ದು ಇದರ ಒಳಗೇ ಬರುತ್ತದೆ.

ಹಾಸನ_ಹುಡುಗ

ಅದು ಸರಿ. ಆದರೆ ಬ್ರೇಕೌಟ್ ಸಿಸ್ಟಮ್‌ಗಳು ಮಾರ್ಕೆಟ್ ಸುಮ್ನೆ ಅಡ್ಡಕ್ಕೆ ಹೋಗುವ ತಿಂಗಳಲ್ಲಿ ಪೂರ್ತಿ ಸೋಲುತ್ತವೆ. ಅಂದರೆ ಸೋಲು ಗುಂಪಾಗಿ ಬರುತ್ತದೆ. ದಿನ ದಿನ ಬೇರೆ ಎತ್ತಿದರೆ ಆ ಗುಂಪೂ ಒಡೆಯುತ್ತದೆ ಅಲ್ವಾ? ಅದಕ್ಕೇನು ಮಾಡುತ್ತೀರಿ?

ಶರಾವತಿ_ತೀರ

ಒಳ್ಳೆಯ ಪ್ರಶ್ನೆ. ಇದಕ್ಕೆ ಷಫಲ್ ಉಪಯೋಗಕ್ಕೆ ಬರುತ್ತದೆ. ಅಸಲಿ ಕ್ರಮದ ಡ್ರಾಡೌನನ್ನು ಷಫಲ್ ಮಾಡಿದ ಹತ್ತು ಸಾವಿರ ಡ್ರಾಡೌನ್‌ಗಳ ಪಕ್ಕ ಇಟ್ಟು ನೋಡಿ. ಟ್ರೇಡ್‌ಗಳು ಅವೇ ಆಗಿರುವುದರಿಂದ ವ್ಯತ್ಯಾಸ ಬಂದರೆ ಅದು ಕ್ರಮದ್ದೇ. ಅಸಲಿ ಅಂಕಿ ಷಫಲ್‌ನ 95%ಕ್ಕಿಂತಲೂ ಮೇಲಿದ್ದರೆ ಸೋಲುಗಳು ಗುಂಪುಗಟ್ಟುತ್ತಿವೆ ಅಂತ ಅನುಮಾನ ಪಡಬೇಕು. ಒಂಬತ್ತೂ ಹದಿನೈದು ಅವರದ್ದು ಕೆಳಗಿನ ಭಾಗದಲ್ಲಿದೆ. ಹಾಗಾಗಿ ಗುಂಪಿನ ಗುರುತು ಕಾಣುವುದಿಲ್ಲ. ಇಲ್ಲವೇ ಇಲ್ಲ ಅಂತ ಹೇಳಲು ಮಾತ್ರ 240 ಟ್ರೇಡ್ ಸಾಲದು.

ಗುಂಪು ಇದ್ದರೆ ಒಂದೊಂದು ದಿನ ಎತ್ತುವ ಬದಲು ಸಾಲಾಗಿ ಹತ್ತು ದಿನದ ತುಂಡು ಎತ್ತಿ. ಎಲ್ಲಿಂದ ಶುರು ಅನ್ನುವುದು ಮಾತ್ರ ರ‍್ಯಾಂಡಮ್. ಅಂಥ 24 ತುಂಡು ಜೋಡಿಸಿದರೆ 240 ಆಯಿತು. ತುಂಡಿನ ಒಳಗಿನ ಕ್ರಮ ಹಾಗೇ ಉಳಿಯುತ್ತದೆ.

ಹಾಸನ_ಹುಡುಗ

ಹತ್ತೇ ಯಾಕೆ? ಇಪ್ಪತ್ತು ಯಾಕಲ್ಲ? ಅಡ್ಡ ಮಾರ್ಕೆಟ್ ಕೆಲವೊಮ್ಮೆ ಎರಡು ತಿಂಗಳು ಇರುತ್ತದೆ.

ಶರಾವತಿ_ತೀರ

ಇದಕ್ಕೆ ಪಕ್ಕಾ ಉತ್ತರ ನನ್ನ ಹತ್ತಿರ ಇಲ್ಲ. ತುಂಡು ಉದ್ದ ಮಾಡಿದಷ್ಟೂ ಗುಂಪು ಚೆನ್ನಾಗಿ ಉಳಿಯುತ್ತದೆ. ಆದರೆ 40ರ ತುಂಡು ಮಾಡಿದರೆ 240ರಲ್ಲಿ ಆರು ತುಂಡು ಮಾತ್ರ. ಆಗ ನೀವು ಅದೇ ಹಳೆಯ ಎರಡು ವರ್ಷವನ್ನೇ ಹಿಂದೆ ಮುಂದೆ ಮಾಡಿ ನೋಡುತ್ತಿರುತ್ತೀರಿ. ಪೊಲಿಟಿಸ್ ಮತ್ತು ರೊಮಾನೊ 1994ರಲ್ಲಿ ತುಂಡಿನ ಉದ್ದವನ್ನೂ ರ‍್ಯಾಂಡಮ್ ಮಾಡುವ ವಿಧಾನ ಕೊಟ್ಟರು. ಅದರಲ್ಲೂ ಸರಾಸರಿ ಉದ್ದ ಎಷ್ಟಿರಬೇಕು ಅಂತ ನೀವೇ ಹೇಳಬೇಕು. ನಾನು 1, 5, 10, 20 ಎಲ್ಲ ಹಾಕಿ ನೋಡುತ್ತೇನೆ. 95% ಅಂಕಿ ಅಷ್ಟಾಗಿ ಅಲುಗಾಡದಿದ್ದರೆ ಚಿಂತೆ ಇಲ್ಲ. ಉದ್ದದ ಜೊತೆ ಏರುತ್ತಲೇ ಹೋದರೆ ದೊಡ್ಡ ಅಂಕಿಯನ್ನೇ ಹಿಡಿದು ಹಣ ಇಡುತ್ತೇನೆ.

ಥೀಟಾ_ತಮ್ಮ

ನಾನು ಆಪ್ಷನ್ ಸೆಲ್ಲರ್. 2024ರ ಜುಲೈನಿಂದ 2025ರ ಕೊನೆವರೆಗೆ ನಿಫ್ಟಿ ಸ್ಟ್ರ್ಯಾಂಗಲ್ ಮಾರಿದ 300 ಟ್ರೇಡ್ ಇವೆ. ರಾತ್ರಿಯೂ ಹಿಡಿಯುತ್ತೇನೆ. 86% ಗೆಲುವು. ಅತಿ ದೊಡ್ಡ ನಷ್ಟ ₹9,000. ಮೇಡಂ ಕೋಡ್‌ನಲ್ಲಿ ಹಾಕಿದರೆ 99%ರಲ್ಲೂ ಡ್ರಾಡೌನ್ ₹40,000 ಮುಟ್ಟುವುದಿಲ್ಲ. ಹಾಗಾದರೆ ಬ್ರೇಕೌಟ್‌ಗಿಂತ ಸೆಲ್ಲಿಂಗ್ ಎಷ್ಟೋ ಸೇಫ್. ಲಾಟ್ ಡಬಲ್ ಮಾಡೋಣ ಅಂತಿದ್ದೇನೆ.

ಶರಾವತಿ_ತೀರ

ದಯವಿಟ್ಟು ಸ್ವಲ್ಪ ತಡೆಯಿರಿ. ಈ ವಿಧಾನದ ದೊಡ್ಡ ಮಿತಿ ನಿಮ್ಮ ಕೇಸಲ್ಲೇ ಇದೆ. ರಾಶಿಯಲ್ಲಿ ಇಲ್ಲದ ನಷ್ಟವನ್ನು ಅದು ಎಂದೂ ಎತ್ತುವುದಿಲ್ಲ. ಹತ್ತು ಲಕ್ಷ ಸಲ ಓಡಿಸಿದರೂ ನಿಮ್ಮ ಒಂದು ಟ್ರೇಡ್‌ನ ನಷ್ಟ ₹9,000 ಮೀರುವುದಿಲ್ಲ.

ನಿಮ್ಮ ಡೇಟಾ ಜುಲೈನಿಂದ ಶುರು. ಅದಕ್ಕೆ ಸ್ವಲ್ಪ ಮೊದಲು ಏನಾಯಿತು ನೋಡಿ. 2024ರ ಜೂನ್ 3ರಂದು, ಎಕ್ಸಿಟ್ ಪೋಲ್ ಬಂದ ಮೇಲಿನ ಸೋಮವಾರ, ನಿಫ್ಟಿ 3.25% ಏರಿ 23,263.90ಕ್ಕೆ ಮುಗಿಯಿತು. ಮರುದಿನ ಚುನಾವಣೆ ಫಲಿತಾಂಶ. 1,379 ಪಾಯಿಂಟ್ ಬಿದ್ದು 21,884.50. ಅಂದರೆ 5.93%. ಸ್ಟ್ರ್ಯಾಂಗಲ್ ಮಾರಿದವರಿಗೆ ಮೊದಲ ದಿನ ಕಾಲ್ ಕಡೆ ಹೊಡೆತ, ಎರಡನೇ ದಿನ ಪುಟ್ ಕಡೆ. ಜೂನ್ 3ರ ಸಂಜೆ 500 ಪಾಯಿಂಟ್ ಕೆಳಗಿನ ಪುಟ್ ಮಾರಿ ಕೂತಿದ್ದರೂ ಮರುದಿನದ ಮುಕ್ತಾಯಕ್ಕೆ ಅದು 879 ಪಾಯಿಂಟ್ ಒಳಗೆ ಇರುತ್ತದೆ. ನೀವು 2025ರಲ್ಲಿ ಆಡಿದ 75ರ ಲಾಟ್ ಲೆಕ್ಕದಲ್ಲಿ ₹65,000ದ ಮೇಲೆ. ಸಿಕ್ಕ ಪ್ರೀಮಿಯಂ ಕಳೆದರೂ ನಿಮ್ಮ 99% ಡ್ರಾಡೌನ್ ಒಂದೇ ದಿನದಲ್ಲಿ ದಾಟಿಬಿಡುತ್ತದೆ.

ಥೀಟಾ_ತಮ್ಮ

ಸ್ಟಾಪ್‌ಲಾಸ್ ಇರುತ್ತದಲ್ಲ ಮೇಡಂ.

ಶರಾವತಿ_ತೀರ

ಇರಲಿ, ಒಳ್ಳೆಯದೇ. ಆದರೆ ರಾತ್ರಿ ಹಿಡಿದ ಪೊಸಿಷನ್‌ಗೆ ಬೆಳಗಿನ ಗ್ಯಾಪ್‌ನಲ್ಲಿ ಸ್ಟಾಪ್‌ಲಾಸ್ ಬೆಲೆ ಸಿಗುವುದಿಲ್ಲ. 2020ರ ಮಾರ್ಚ್ 23ರಂದು ನಿಫ್ಟಿ 12.98% ಬಿತ್ತು. ಬೆಳಗ್ಗೆ ಲೋವರ್ ಸರ್ಕ್ಯೂಟ್ ತಾಗಿ 45 ನಿಮಿಷ ಟ್ರೇಡಿಂಗೇ ನಿಂತಿತ್ತು. ಆಗ ಸ್ಟಾಪ್‌ಲಾಸ್ ಹಾಕಿದ್ದವರೂ ಕಾಯಬೇಕಾಯಿತು.

ನನ್ನ ಸಲಹೆ ಇದು. ಜೂನ್ 4ರಂಥ ಒಂದು ನಷ್ಟವನ್ನು ನೀವೇ ಲೆಕ್ಕ ಹಾಕಿ ನಿಮ್ಮ 300ರ ರಾಶಿಗೆ ಸೇರಿಸಿ. ಆಮೇಲೆ 50% ಅಂಕಿಯನ್ನಷ್ಟೇ ನೋಡಿ ಸಮಾಧಾನ ಪಡಬೇಡಿ. ಮುನ್ನೂರರಲ್ಲಿ ಒಂದೇ ಚೀಟಿ ಇದ್ದರೆ, ಮುನ್ನೂರು ಸಲ ಎತ್ತಿದರೂ ಸುಮಾರು 37% ಗೆರೆಗಳಲ್ಲಿ ಅದು ಬರುವುದೇ ಇಲ್ಲ. ಇನ್ನೊಂದು 26% ಗೆರೆಗಳಲ್ಲಿ ಎರಡು ಅಥವಾ ಹೆಚ್ಚು ಸಲ ಬರುತ್ತದೆ. ನಿಮ್ಮ ಅಕೌಂಟ್ ಬದುಕಬೇಕಾಗಿರುವುದು ಆ 26% ಗೆರೆಗಳಲ್ಲಿ.

ಥೀಟಾ_ತಮ್ಮ

ಹಾಗಂತ ನಾವೇ ಕೈಯಿಂದ ನಷ್ಟ ಬರೆದು ಸೇರಿಸಿದರೆ ಅದು ಡೇಟಾ ಹೇಗಾಗುತ್ತದೆ? ಅಂಥ ದಿನ ಐದು ವರ್ಷಕ್ಕೊಂದು ಅಂತಲೂ ಹೇಳಬಹುದು, ಹತ್ತಕ್ಕೊಂದು ಅಂತಲೂ ಹೇಳಬಹುದು. ಒಪ್ಪುವುದು ಕಷ್ಟ. ಆದರೂ ಲಾಟ್ ಡಬಲ್ ಮಾಡುವುದನ್ನು ಸದ್ಯಕ್ಕೆ ನಿಲ್ಲಿಸುತ್ತೇನೆ.

ಬೆಳಗಾವಿ_ಬುಲ್

ತಮ್ಮಾ, ಹೊರಗಿನ ಪುಟ್ ಒಂದು, ಕಾಲ್ ಒಂದು ಕೊಂಡು ಇಟ್ಟುಬಿಡು. ನಷ್ಟಕ್ಕೆ ಒಂದು ಮಿತಿ ಬರುತ್ತದೆ. ಆಮೇಲೆ ರಾಶಿಗೆ ಸೇರಿಸುವ ನಷ್ಟ ಎಷ್ಟು ಅನ್ನುವ ಜಗಳವೂ ಇರುವುದಿಲ್ಲ, ಆ ಮಿತಿಯನ್ನೇ ಬರೆದರಾಯಿತು.

ಒಂಬತ್ತೂ_ಹದಿನೈದು

ನನ್ನ ಪ್ರಶ್ನೆಗೆ ವಾಪಸ್ ಬರುತ್ತೇನೆ. ₹3 ಲಕ್ಷ ಇದೆ. 95% ಅಂಕಿ ₹1.2 ಲಕ್ಷ ಚಿಲ್ಲರೆ. ಹಾಗಾದರೆ ಒಂದು ಲಾಟ್ ಆಡಬಹುದಲ್ಲ?

ಬೆಳಗಾವಿ_ಬುಲ್

ಮಾರ್ಜಿನ್ ಮರೆತಿರಿ. 2021ರ ಸೆಪ್ಟೆಂಬರ್‌ನಿಂದ ಇಂಟ್ರಾಡೇಗೂ ಪೂರ್ತಿ ಮಾರ್ಜಿನ್ ಬೇಕು. ನಿಮ್ಮ ಬ್ರೋಕರ್ ಒಂದು ಲಾಟ್‌ಗೆ ಎಷ್ಟು ಕೇಳುತ್ತಾರೆ?

ಒಂಬತ್ತೂ_ಹದಿನೈದು

ಎರಡು ಲಕ್ಷದ ಮೇಲೆ.

ಬೆಳಗಾವಿ_ಬುಲ್

ಹಾಗಿದ್ದರೆ ₹3 ಲಕ್ಷದಲ್ಲಿ ಲಕ್ಷಕ್ಕಿಂತ ಕಡಿಮೆ ಹೋದರೂ ಸಾಕು, ಮರುದಿನ ಆರ್ಡರ್ ರಿಜೆಕ್ಟ್ ಆಗುತ್ತದೆ. ಸಿಸ್ಟಮ್ ಮೇಲೆ ಬರುವ ಹೊತ್ತಿಗೆ ನೀವು ಹೊರಗೆ. ಮಾರ್ಜಿನ್ ಮತ್ತು ಡ್ರಾಡೌನ್ ಎರಡನ್ನೂ ಕೂಡಿಸಿ ಹಣ ಇರಬೇಕು.

ಶರಾವತಿ_ತೀರ

ಅದನ್ನೇ ಹೇಳಬೇಕೆಂದಿದ್ದೆ. ಜೊತೆಗೆ ಇನ್ನೆರಡು ರನ್ ಮಾಡಿ.

ಒಂದು, ಪ್ರತಿ ಟ್ರೇಡ್‌ನಿಂದ ₹500 ಕಳೆದು ನೋಡಿ. ನಿಮ್ಮ ಸರಾಸರಿ ಲಾಭ ಟ್ರೇಡ್‌ಗೆ ₹1,000 ಮಾತ್ರ. ಬ್ರೇಕೌಟ್‌ನಲ್ಲಿ ಎಲ್ಲರೂ ಒಂದೇ ಕ್ಷಣದಲ್ಲಿ ಒಂದೇ ಕಡೆ ನುಗ್ಗುತ್ತಾರೆ. ಚಾರ್ಟ್‌ನಲ್ಲಿ ಕಂಡ ಬೆಲೆ ಕೈಗೆ ಸಿಗುವುದಿಲ್ಲ. ಬ್ಯಾಕ್‌ಟೆಸ್ಟ್ ಮಾಡುವಾಗ ನಿಯಮಗಳನ್ನು ತಿದ್ದಿ ತೀಡಿದ್ದರೆ ಎಡ್ಜ್ ಇನ್ನಷ್ಟು ಉಬ್ಬಿರುತ್ತದೆ. ₹500 ಕಳೆದರೆ 95% ಡ್ರಾಡೌನ್ ₹1.6 ಲಕ್ಷದ ಮೇಲೆ ಹೋಗುತ್ತದೆ, ಒಟ್ಟು ಲಾಭ ₹1.2 ಲಕ್ಷಕ್ಕೆ ಇಳಿಯುತ್ತದೆ. ಇಳಿತವೇ ಲಾಭಕ್ಕಿಂತ ದೊಡ್ಡದಾಯಿತು.

ಎರಡು, ಎಷ್ಟು ಕಾಲ ಆಡುತ್ತೀರೋ ಅಷ್ಟು ಟ್ರೇಡ್ ಎತ್ತಿ. 240 ಅಂದರೆ ಎರಡು ವರ್ಷ. ಆರು ವರ್ಷ ಆಡುವವರಿಗೆ 720. ಎಡ್ಜ್ ಏನೂ ಕಡಿಮೆ ಆಗದಿದ್ದರೂ ಆಗ 95% ಅಂಕಿ ಒಂದೂವರೆ ಲಕ್ಷ ದಾಟುತ್ತದೆ. ಜಾಸ್ತಿ ಹೊತ್ತು ಆಡಿದಷ್ಟೂ ಕೆಟ್ಟ ಸಾಲು ಎದುರಾಗುವ ಅವಕಾಶ ಜಾಸ್ತಿ. `rng.choice`ನಲ್ಲಿ `n` ಬದಲು 720 ಹಾಕಿದರೆ ಸಾಕು.

ಒಂಬತ್ತೂ_ಹದಿನೈದು

ಎರಡೂ ರನ್ ಮಾಡಿದೆ. ನೀವು ಹೇಳಿದ ಸುತ್ತಮುತ್ತವೇ ಬಂದಿದೆ. ₹3 ಲಕ್ಷದಲ್ಲಿ ಫ್ಯೂಚರ್ಸ್ ಆಡುವುದು ಬಿಟ್ಟೆ. ಅದೇ ನಿಯಮವನ್ನು ನಿಫ್ಟಿ ಇಟಿಎಫ್‌ನಲ್ಲಿ ಸಣ್ಣ ಮೊತ್ತಕ್ಕೆ ಇಂಟ್ರಾಡೇ ಓಡಿಸಿ, ಸ್ಲಿಪ್ಪೇಜ್ ನಿಜಕ್ಕೂ ಎಷ್ಟು ಅಂತ ಮೊದಲು ಬರೆದಿಡುತ್ತೇನೆ. ಆದರೆ ಸಿಸ್ಟಮ್ ಯಾವಾಗ ನಿಲ್ಲಿಸಬೇಕು? ₹70,000ಕ್ಕಾ, ₹1.2 ಲಕ್ಷಕ್ಕಾ?

ಶರಾವತಿ_ತೀರ

ಇಟಿಎಫ್‌ನಲ್ಲಿ ಸ್ಪ್ರೆಡ್ ಬೇರೆ, ಚಾರ್ಜ್ ಬೇರೆ. ಅಲ್ಲಿ ಸಿಕ್ಕ ಅಂಕಿಯನ್ನು ಫ್ಯೂಚರ್ಸ್‌ಗೆ ನೇರ ಹಚ್ಚಬೇಡಿ. ಸಿಗ್ನಲ್ ಬಂದ ಸೆಕೆಂಡಿನ ಫ್ಯೂಚರ್ಸ್ ಬಿಡ್, ಆಸ್ಕ್ ಎರಡನ್ನೂ ಜೊತೆಯಲ್ಲೇ ಬರೆದಿಡಿ.

ನಿಲ್ಲಿಸುವ ಗೆರೆಯನ್ನು ನಾನು 95%ರಲ್ಲಿ ಎಳೆಯುತ್ತೇನೆ. ₹70,000 ಇಳಿತ ಅರ್ಧಕ್ಕರ್ಧ ಗೆರೆಗಳಲ್ಲಿ ಬರುತ್ತದೆ, ಅಲ್ಲಿ ನಿಲ್ಲಿಸಿದರೆ ಒಳ್ಳೆಯ ಸಿಸ್ಟಮ್‌ಗಳನ್ನೂ ಬಿಡುತ್ತಾ ಹೋಗುತ್ತೀರಿ. ₹1.2 ಲಕ್ಷ ದಾಟಿದರೆ ದುರದೃಷ್ಟವೂ ಇರಬಹುದು, ಎಡ್ಜ್ ಹೋಗಿರಲೂಬಹುದು. ಆದರೆ ಎಡ್ಜ್ ಹೋದ ಸಿಸ್ಟಮ್‌ಗಳಲ್ಲಿ ಅದು ಬಹಳ ಸಲ ಬರುತ್ತದೆ. ಹಾಗಾಗಿ ನಿಂತು ನೋಡುವುದು ಮೇಲು.

ಹಾಸನ_ಹುಡುಗ

ನಾನು 99% ಅನ್ನುತ್ತೇನೆ. ಇಪ್ಪತ್ತು ಒಳ್ಳೆಯ ಸಿಸ್ಟಮ್‌ಗಳಲ್ಲಿ ಒಂದನ್ನು ಸುಮ್ನೆ ಕೊಲ್ಲುವುದು ನನಗೆ ಇಷ್ಟವಿಲ್ಲ. ಷಫಲ್ ವಿಷಯದಲ್ಲಿ ಮಾತ್ರ ಮೇಡಂ ಮಾತು ಒಪ್ಪಿದೆ.

ಬೆಳಗಾವಿ_ಬುಲ್

ನನಗೊಂದು ಕೊನೆಯ ಅನುಮಾನ. ನನ್ನ ಬ್ಯಾಂಕ್ ನಿಫ್ಟಿ ಟ್ರೇಡ್‌ಗಳಲ್ಲಿ ಅರ್ಧ, ವಾರದ ಎಕ್ಸ್‌ಪೈರಿ ಇದ್ದ ಕಾಲದವು. ಅದು 2024ರ ನವೆಂಬರ್‌ನಲ್ಲಿ ನಿಂತಿತು. ನಿಫ್ಟಿ ವಾರದ ಎಕ್ಸ್‌ಪೈರಿಯೂ 2025ರ ಸೆಪ್ಟೆಂಬರ್‌ನಿಂದ ಗುರುವಾರ ಬಿಟ್ಟು ಮಂಗಳವಾರಕ್ಕೆ ಬಂತು. ಆ ಹಳೆಯ ದಿನಗಳನ್ನು ರಾಶಿಯಲ್ಲಿ ಇಟ್ಟುಕೊಳ್ಳಬೇಕಾ, ತೆಗೆಯಬೇಕಾ? ತೆಗೆದರೆ ಉಳಿಯುವುದು ತೀರಾ ಕಡಿಮೆ.

ಶರಾವತಿ_ತೀರ

ಎರಡು ಭಾಗ ಮಾಡಿ. ಮೊದಲಿನವು, ಆಮೇಲಿನವು. ಎಕ್ಸ್‌ಪೈರಿ ದಿನಗಳ ಸರಾಸರಿ ಮತ್ತು ಅತಿ ದೊಡ್ಡ ನಷ್ಟ ಎರಡೂ ಕಡೆ ಹೇಗಿವೆ ನೋಡಿ ಇಲ್ಲಿ ಹಾಕಿ. ಅಂಕಿ ನೋಡದೆ ಇಡಿ ಅಂತಲೂ ತೆಗೆಯಿರಿ ಅಂತಲೂ ನಾನು ಹೇಳಲಾರೆ.